ಚಿತ್ರಕ್ಕೆ ಬಾರದ ಗೀಟು

ಫೋನ್ ರಿಪೇರಿಯ ಆ ಸರ್ವಿಸ್ ಸೆಂಟರಿನಲ್ಲಿ ಎರಡನೇ ಮೇಜಿನ ಹಿಂದೆ ಕೂರುವ ಹೆಂಗಸನ್ನು ಎಲ್ಲರೂ ಗೀಟಕ್ಕ ಎಂದೇ ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಇರುವ ಹೆಸರು ಬೇರೆ, ಅದನ್ನು ಸಂಬಳದ ದಿನ ಬಿಟ್ಟರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೈಜಾರಿ ಬಿದ್ದ ಫೋನು, ಪರದೆಯ ಮೇಲೆ ಮೇಲಿಂದ ಕೆಳಕ್ಕೆ ಹಸಿರು ಗೀಟೋ ಗುಲಾಬಿ ಗೀಟೋ ಎದ್ದಿದೆ ಎಂದರೆ ಸಾಕು, ಟೋಕನ್ ಕೊಡುವ ಹುಡುಗಿ ತಲೆಯನ್ನೂ ಎತ್ತದೆ "ಎರಡನೇ ಟೇಬಲ್" ಎನ್ನುತ್ತಾಳೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಆ ಮೇಜಿನ ಮೇಲೆ ಹಾಸಿರುವ ನೀಲಿ ರಬ್ಬರಿನಲ್ಲಿ ಅವಳ ಮೊಣಕೈ ಊರುವ ಎರಡು ಕಡೆ ಬಣ್ಣ ಹೋಗಿ ಬಿಳಿಚಿಕೊಂಡಿದೆ.

ಗೀಟಕ್ಕನಿಗೆ ಐವತ್ತಕ್ಕೆ ಎರಡು ಕಡಿಮೆ. ಕನ್ನಡಕ ಎರಡು: ಒಂದು ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ತಲೆಯ ಮೇಲಿರುವುದನ್ನು ದಿನಕ್ಕೊಮ್ಮೆಯಾದರೂ ಹುಡುಕುತ್ತಾಳೆ. ಅಪ್ಪ ಟೀವಿ ರಿಪೇರಿ ಮಾಡುತ್ತಿದ್ದ. ಅವನ ಅಂಗಡಿಯ ಬೆಂಚಿನ ಕೆಳಗೆ ಕೂತು ಬೆಳೆದವಳು. ಬೆಸುಗೆಯ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಲೇ ಅಕ್ಷರ ಕಲಿತವಳು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಟೈಮ್ ಸಿಗ್ಲಿಲ್ಲ" ಎಂದು ಉತ್ತರ ಕೊಟ್ಟು ಮುಂದಿನ ಮಾತಿಗೆ ಹೋಗುತ್ತಾಳೆ. ಇರುವುದು ಗಂಡ ತೀರಿಕೊಂಡ ಅಕ್ಕನ ಜೊತೆ, ಎರಡು ಕೋಣೆಯ ಮನೆಯಲ್ಲಿ.

ಅವಳ ಬಾಯಿ ಜೋರು ಎಂಬ ಮಾತು ಸೆಂಟರಿನಲ್ಲಿ ಇದೆ. ಸುಳ್ಳೇನಲ್ಲ. ಆದರೆ ಆ ಬಾಯಿ ಎಲ್ಲಿಂದ ಬಂತು ಎಂಬುದು ಸೆಂಟರಿನವರಿಗೆ ಗೊತ್ತಿಲ್ಲ. ಒಂಬತ್ತು ವರ್ಷದ ಹಿಂದೆ, ಅವಳಿನ್ನೂ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ ಕಾಲದಲ್ಲಿ, ಅಕ್ಕನ ಫೋನು ಅಡುಗೆಕಟ್ಟೆಯಿಂದ ಬಿತ್ತು. ಎಡಗಡೆ ಒಂದು ಹಸಿರು ಗೀಟು. ಸೆಂಟರಿನ ಪದ್ಧತಿ ಏನೆಂದರೆ, ಗೀಟು ಬಂದ ಫೋನಿಗೆ ಮೊದಲು ಹೊಸದಾಗಿ ಸಾಫ್ಟ್‌ವೇರ್ ಹಾಕಬೇಕು, ಅಂದರೆ ಒಳಗಿರುವುದನ್ನೆಲ್ಲ ಒರೆಸಿ ಹಾಕಬೇಕು. ಅದಾದ ಮೇಲೂ ಗೀಟು ಉಳಿದರೆ ಮಾತ್ರ ಪ್ಯಾನೆಲ್, ಅಂದರೆ ಪರದೆಯನ್ನೇ ಬದಲಿಸುವ ಮಾತು. ತಂಗಿ ಪದ್ಧತಿಯಂತೆ ನಡೆದುಕೊಂಡಳು. ಹತ್ತು ನಿಮಿಷ ಕಳೆದು ಫೋನು ಎದ್ದಾಗ ಗೀಟು ಇದ್ದಲ್ಲೇ ಇತ್ತು, ಉಳಿದದ್ದೆಲ್ಲ ಹೋಗಿತ್ತು. ಅಕ್ಕನ ಗಂಡ ತೀರಿಕೊಳ್ಳುವ ಮುಂಚೆ ಆಸ್ಪತ್ರೆಯ ಹಾಸಿಗೆಯಿಂದ ಕಳಿಸಿದ್ದ ನಲವತ್ತು ಚಿಲ್ಲರೆ ಧ್ವನಿ ಸಂದೇಶಗಳೂ ಹೋಗಿದ್ದವು. ಅಕ್ಕ ಬೈಯಲಿಲ್ಲ. "ಹೋಗ್ಲಿ ಬಿಡು" ಎಂದು ಒಳಗೆ ಹೋಗಿ ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಮಡಚಿದಳು. ಆಮೇಲೆ ಆ ಮಾತನ್ನು ಎತ್ತಲೇ ಇಲ್ಲ. ಎತ್ತಿ ಒಂದು ಬಾರಿ ಚೆನ್ನಾಗಿ ಬೈದಿದ್ದರೆ ತಂಗಿಗೆ ಎಷ್ಟೋ ಹಗುರಾಗುತ್ತಿತ್ತು.

ಅಂದಿನಿಂದ ಗೀಟಕ್ಕ ಪರದೆಯ ಗೀಟುಗಳ ಹಿಂದೆ ಬಿದ್ದಳು. ಯಾವುದು ಸಾಫ್ಟ್‌ವೇರಿನ ತಪ್ಪು, ಯಾವುದು ಪ್ಯಾನೆಲ್ಲಿನ ಪೆಟ್ಟು ಎಂದು ಬೇರೆ ಮಾಡದೆ ಯಾರ ಫೋನನ್ನೂ ಒರೆಸುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆಂದು ಸಾಫ್ಟ್‌ವೇರ್ ಎಂದೂ ತಪ್ಪು ಮಾಡುವುದಿಲ್ಲ ಎಂದು ವಾದಿಸುವ ಮೊಂಡಿಯೂ ಅಲ್ಲ. ಕಳೆದ ತಿಂಗಳು ಒಬ್ಬ ಮೇಷ್ಟ್ರು ಗುಲಾಬಿ ಪಟ್ಟಿ ಎಂದು ಗಾಬರಿಯಾಗಿ ಬಂದಿದ್ದರು. ಕ್ಯಾಮೆರಾ ತೆರೆದಾಗ ಮಾತ್ರ ಪಟ್ಟಿ, ಬೇರೆಲ್ಲೂ ಇಲ್ಲ. ಪರದೆಯ ಚಿತ್ರ ತೆಗೆದರೆ, ಅಂದರೆ ಸ್ಕ್ರೀನ್‌ಶಾಟ್ ತೆಗೆದರೆ, ಅದರಲ್ಲೂ ಪಟ್ಟಿ ಬರುತ್ತಿತ್ತು. "ನಿಮ್ಮ ಡಿಸ್‌ಪ್ಲೇ ಗಟ್ಟಿಯಾಗಿದೆ ಮೇಷ್ಟ್ರೇ, ಪಟ್ಟಿ ಹುಟ್ಟೋದು ಒಳಗೆ" ಎಂದು ಆ ಕ್ಯಾಮೆರಾ ಆ್ಯಪನ್ನು ಅಪ್‌ಡೇಟ್ ಮಾಡಿ, ಪಟ್ಟಿ ಹೋದದ್ದನ್ನು ತೋರಿಸಿ ಮನೆಗೆ ಕಳಿಸಿದಳು.

ಈಗ ಹೇಳಹೊರಟ ದಿನ, ಮಧ್ಯಾಹ್ನದ ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಅವಳ ಮೇಜಿನ ಮುಂದೆ ಒಬ್ಬ ಪ್ಲಂಬರ್ ನಿಂತಿದ್ದ. ಅಂಗಿಯ ತೋಳಿಗೆಲ್ಲ ಸಿಮೆಂಟಿನ ಧೂಳು, ಕಿವಿಯ ಹಿಂದೆ ಪೆನ್ಸಿಲ್. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಬೆಳಗ್ಗೆ ಏಣಿ ಮೇಲಿಂದ ಬಿತ್ತು ಅಕ್ಕ. ಆಗ ಒಂದೇ ಹಸಿರು ಗೀಟಿತ್ತು. ಈಗ ನೋಡಿ."

ನೋಡಿದಳು. ನಡುಮಧ್ಯೆ ಹಸಿರು ಗೀಟು, ಅದಕ್ಕೆ ಅಂಟಿಕೊಂಡು ಬೆರಳಗಲದ ಗುಲಾಬಿ ಪಟ್ಟಿ. ಗಾಜಿನ ಮೇಲೆ ಒಂದು ಸೀಳೂ ಇಲ್ಲ, ಕೆಳಗಿನ ಅಂಚಿನಲ್ಲಿ ಮಾತ್ರ ಚೌಕಟ್ಟು ಚೂರು ತಗ್ಗಿತ್ತು.

"ಆ ಪಟ್ಟಿ ಇರೋ ಕಡೆ ಟಚ್ಚೂ ತಗೊಳ್ತಿಲ್ಲ. ಹೆಲ್ಪ್‌ಲೈನಿನವರು ಆಫ್ ಮಾಡಿ ಆನ್ ಮಾಡಿ ಅಂದ್ರು, ಮಾಡ್ದೆ. ಈಗ ಪಿನ್ ಕೇಳ್ತಿದೆ. ಹೊಸದಾಗಿ ಆನ್ ಆದ್ಮೇಲೆ ಬೆರಳಚ್ಚು ನಡೆಯಲ್ವಂತೆ. ನನ್ನ ಪಿನ್ನಿನಲ್ಲಿ ಐದಿದೆ, ಐದು ಇರೋದು ನಡುವಿನ ಸಾಲಲ್ಲಿ."

"ಒಳಗೆ ಏನಿದೆ?"

ಅವನು ಹೇಳತೊಡಗಿದ. ವೃದ್ಧರನ್ನು ನೋಡಿಕೊಳ್ಳುವ ಒಂದು ಹೊಸ ಆಸ್ಪತ್ರೆಯ ಮೂವತ್ತಾರು ಸ್ನಾನದ ಮನೆಗಳಿಗೆ ಪೈಪು ಹಾಕಿದವನು ಅವನು. ಗೋಡೆಗೆ ಗಾರೆ ಬಳಿಯುವ ಮುಂಚೆ ಪ್ರತಿ ಪೈಪಿನ ಪಕ್ಕ ಅಳತೆಯ ಟೇಪು ಹಿಡಿದು ಫೋಟೊ ತೆಗೆಯುವುದು ಅವನ ರೂಢಿ, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂದು ಕಾಣುವಂತೆ. ಈಗ ಗಾರೆ, ಟೈಲ್ಸು ಎಲ್ಲ ಮುಗಿದಿದೆ. ನಾಳೆ ಬೆಳಗ್ಗೆ ಮುದುಕರು ಹಿಡಿದುಕೊಳ್ಳುವ ಕಂಬಿಗಳಿಗೆ ಗೋಡೆ ಕೊರೆಯುವವರು ಬರುತ್ತಾರೆ. ಎಲ್ಲಿ ಕೊರೆಯಬಾರದು ಎಂಬುದು ಈ ಫೋನಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ.

"ಬೇರೆ ಕಡೆ ಕಾಪಿ ಇಟ್ಕೊಂಡಿಲ್ವಾ?"

"ಇಟ್ಕೋಬೇಕಿತ್ತು" ಎಂದ. ಆ ಮುಖ ನೋಡಿ ಗೀಟಕ್ಕ ಬೈಯಲು ತೆರೆದ ಬಾಯಿ ಮುಚ್ಚಿದಳು.

ಬಿದ್ದರೂ ರಿಪೇರಿ ಮಾಡಿಕೊಡುವ ಪ್ಲಾನನ್ನು ಅವನು ಕೊಂಡಿದ್ದ. ಅರ್ಜಿಯನ್ನು ಬೆಳಗ್ಗೆಯೇ ಹಾಕಿದ್ದ. ಅದಕ್ಕೆ ಮುಖ್ಯ ಕಚೇರಿಯಿಂದ ಬಂದ ಉತ್ತರ ಗೀಟಕ್ಕನ ಕಂಪ್ಯೂಟರಿನಲ್ಲಿತ್ತು: ಗ್ರಾಹಕರು ಕಳಿಸಿದ ಚಿತ್ರದಲ್ಲಿ ಯಾವ ಗೀಟೂ ಕಾಣಿಸುತ್ತಿಲ್ಲ, ಪ್ಯಾನೆಲ್ಲಿಗೆ ಹಾನಿಯಾದ ಪುರಾವೆ ಇಲ್ಲ, ಸಾಫ್ಟ್‌ವೇರ್ ಹೊಸದಾಗಿ ಹಾಕಿ ಕೇಸು ಮುಗಿಸತಕ್ಕದ್ದು.

ಅವಳು ಆ ಚಿತ್ರ ತೆರೆದಳು. ಪ್ಲಂಬರನ ಪರದೆ ಅಲ್ಲಿ ಅಚ್ಚುಕಟ್ಟಾಗಿ ಕಾಣಿಸಿತು. ಗಡಿಯಾರ, ಹವಾಮಾನ, ಪೈಪಿನ ಫೋಟೊ. ಗೀಟಿನ ಸುಳಿವೇ ಇಲ್ಲ.

"ನೀನು ಇದನ್ನ ಹೆಂಗೆ ತೆಗೆದೆ ಮಾರಾಯ?"

"ಎರಡು ಗುಂಡಿ ಒಟ್ಟಿಗೆ ಒತ್ತಿ. ಸ್ಕ್ರೀನ್‌ಶಾಟ್. ಗೀಟು ಚೆನ್ನಾಗಿ ಕಾಣ್ಲಿ ಅಂತ ಬೆಳಕೂ ಜಾಸ್ತಿ ಮಾಡಿದ್ದೆ."

ಗೀಟಕ್ಕ ಹಣೆ ಚಚ್ಚಿಕೊಂಡಳು, ಆಮೇಲೆ ನಕ್ಕಳು. ಎಲ್ಲರೂ ಮಾಡುವ ತಪ್ಪೇ ಅದು. ಗೀಟು ತೋರಿಸಬೇಕಾದರೆ ಇನ್ನೊಂದು ಫೋನಿನಿಂದ ಫೋಟೊ ತೆಗೆಯಬೇಕು. ಅದು ಬಿಟ್ಟು, ಗೀಟು ಬಂದ ಫೋನಿನಲ್ಲೇ ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. ಕಳಿಸಿದವರ ಕಣ್ಣಿಗೆ ಅದರ ಮೇಲೂ ಗೀಟು ಕಾಣುತ್ತದೆ, ಯಾಕೆಂದರೆ ಅವರು ನೋಡುವುದು ಅದೇ ಪರದೆಯ ಮೂಲಕ. ಆ ತುದಿಯಲ್ಲಿ ನೋಡುವವರಿಗೆ ಏನೂ ಇರುವುದಿಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಾ ಜಗಳವಾಡುತ್ತಾರೆ.

ಅವಳು ಫೋನನ್ನು ಆರಿಸಿ ಮತ್ತೆ ಹಚ್ಚಿದಳು. ಇನ್ನೂ ಸಾಫ್ಟ್‌ವೇರ್ ಕಣ್ಣುಬಿಡುವ ಮುಂಚೆ, ಕಂಪನಿಯ ಗುರುತು ಮೂಡುವಾಗಲೇ ಹಸಿರು ಗೀಟು ಹಾಜರು. ಅದೇ ಜಾಗ, ಅದೇ ದಪ್ಪ. ಕೆಳಗಿನ ತಗ್ಗಿದ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಗುಲಾಬಿ ಪಟ್ಟಿ ಒಮ್ಮೆ ಮಿಣುಕಿ, ಅಗಲವಾಗಿ, ಮತ್ತೆ ಮೊದಲಿನಂತಾಯಿತು. ಇಷ್ಟು ಸಾಕಿತ್ತು ಅವಳಿಗೆ. ಬೆರಳು ಒತ್ತಿದರೆ ಸಾಫ್ಟ್‌ವೇರ್ ಮಿಸುಕುವುದಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಕೆಡದ ಅಂಗಿ. ಕೆಟ್ಟವನಲ್ಲ, ಆದರೆ ಆ ತಿಂಗಳು ಅತಿ ಕಡಿಮೆ ಪ್ಯಾನೆಲ್ ಬಳಸಿದ ಸೆಂಟರ್ ಎಂದು ಮುಖ್ಯ ಕಚೇರಿಯಿಂದ ಅವನಿಗೆ ಶಹಬ್ಬಾಸ್ ಸಿಕ್ಕಿತ್ತು. ಆ ಕಾಗದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ.

"ಇನ್ನೂ ಸಾಫ್ಟ್‌ವೇರ್ ಹಾಕಿಲ್ವಾ ಮೇಡಂ? ಉತ್ತರ ಬಂದಿದೆಯಲ್ಲ."

"ಇದು ಸಾಫ್ಟ್‌ವೇರ್ ಅಲ್ಲ ಸರ್. ಪ್ಯಾನೆಲ್ ಹೋಗಿದೆ."

"ಚಿತ್ರದಲ್ಲಿ ಗೀಟೇ ಇಲ್ಲ ಅಂತ ಅವರೇ ಬರೆದಿದ್ದಾರೆ."

"ಅದಕ್ಕೇ ಪ್ಯಾನೆಲ್ ಅಂದಿದ್ದು. ಸ್ಕ್ರೀನ್‌ಶಾಟ್ ತೆಗೆಯೋದು ಫೋನಿನ ಒಳಗಿನ ಲೆಕ್ಕ, ಪರದೆಗೆ ಕಳಿಸೋಕೆ ಮುಂಚೆ. ಒಳಗೆ ಗೀಟಿಲ್ಲ, ಹೊರಗಿದೆ. ಅಂದ್ರೆ ಒಳಗೆ ಮಾಡಿದ ಚಿತ್ರ ಸರಿಯಾಗಿದೆ, ತೋರಿಸೋ ಕಡೆ ಏಟು ಬಿದ್ದಿದೆ."

"ಟಚ್ಚೂ ಹೋಗಿದೆಯಲ್ಲ. ಹ್ಯಾಂಗ್ ಆಗಿರ್ಬೇಕು."

"ಪಟ್ಟಿ ಇರೋವಷ್ಟೇ ಜಾಗದಲ್ಲಿ ಹ್ಯಾಂಗ್ ಆಗತ್ತಾ? ಒಂದೇ ಸಾಲಿಗೆ?"

ಮ್ಯಾನೇಜರ್ ಗಡಿಯಾರ ನೋಡಿಕೊಂಡ. ಕಾಯುವ ಕುರ್ಚಿಗಳಲ್ಲಿ ಕೂತಿದ್ದ ಏಳೆಂಟು ಜನ ತಮ್ಮ ಫೋನುಗಳನ್ನು ಬಿಟ್ಟು ಇತ್ತ ನೋಡತೊಡಗಿದ್ದರು. "ಮೇಡಂ, ಪದ್ಧತಿ ಅಂದ್ರೆ ಪದ್ಧತಿ. ಮೊದಲು ಸಾಫ್ಟ್‌ವೇರ್. ನೀವು ಬಟನ್ ಒತ್ತಿ."

"ನಾನು ಒತ್ತಲ್ಲ."

ಪ್ಲಂಬರ್ ಏನೋ ಹೇಳಲು ಬಾಯಿ ತೆರೆದ. ಗೀಟಕ್ಕ ಅವನ ಕಡೆ ನೋಡದೆಯೇ ಕೈ ಎತ್ತಿ ಸುಮ್ಮನಿರಿಸಿದಳು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ಈ ವಯಸ್ಸಿಗೆ ಇನ್ನೊಂದು ಕೆಲಸ ಹುಡುಕುವುದು ಎಂದರೇನು ಎಂದು ಅವಳಿಗೆ ಗೊತ್ತಿತ್ತು. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ಒಂಬತ್ತು ವರ್ಷದ ಹಳೆಯ ಸಿಟ್ಟು, ಅದರಲ್ಲಿ ಮುಕ್ಕಾಲು ಪಾಲು ತನ್ನ ಮೇಲೆಯೇ.

"ಒತ್ತಲ್ಲ ಅಂದ್ರೆ ಹಾಗಂತ ಬರೆದುಕೊಡಿ" ಎಂದ ಮ್ಯಾನೇಜರ್, ಬರೆಯುವುದಿಲ್ಲ ಎಂಬ ಧೈರ್ಯದ ಮೇಲೆ.

ಅವಳು ಕೆಲಸದ ಚೀಟಿ ಎಳೆದುಕೊಂಡು ದುಂಡಗೆ ಬರೆದಳು. ಗೀಟು ಸ್ಕ್ರೀನ್‌ಶಾಟಿನಲ್ಲಿ ಇಲ್ಲ. ಫೋನು ಏಳುವ ಮುಂಚೆಯೇ ಇದೆ. ಅಂಚು ಒತ್ತಿದರೆ ಬದಲಾಗುತ್ತದೆ. ಇದು ಪ್ಯಾನೆಲ್ಲಿನ ಪೆಟ್ಟು, ಒರೆಸುವ ಅಗತ್ಯವಿಲ್ಲ, ನಾನು ಒರೆಸುವುದಿಲ್ಲ. ಕೆಳಗೆ ಸಹಿ, ತಾರೀಖು, ಗಂಟೆ.

"ಸರಿ, ನಾನೇ ಒತ್ತುತ್ತೀನಿ" ಎಂದು ಮ್ಯಾನೇಜರ್ ಕೈ ಚಾಚಿದ.

"ಒತ್ತಿ. ಒಂದು ನಿಮಿಷ ನಿಮ್ಮ ಫೋನ್ ಕೊಡಿ, ಆಮೇಲೆ ಒತ್ತಿ."

ಹೊಸ ಫೋನು, ಕೊಂಡು ವಾರವೂ ಆಗಿರಲಿಲ್ಲ. ಯಾಕೆ ಎಂದು ಕೇಳುತ್ತಲೇ ಕೊಟ್ಟ. ಗೀಟಕ್ಕ ಪೆಟ್ಟಿಗೆಗಳ ಮೇಲೆ ನಂಬರು ಬರೆಯುವ ಹಸಿರು ಮಾರ್ಕರ್ ತೆಗೆದು, ಅವನ ಕಣ್ಣೆದುರೇ, ಅವನ ಫೋನಿನ ಗಾಜಿನ ಮೇಲೆ ಮೇಲಿಂದ ಕೆಳಕ್ಕೆ ಒಂದು ಗೀಟು ಎಳೆದಳು. ಕುರ್ಚಿಗಳ ಸಾಲಿನಲ್ಲಿ ಯಾರೋ "ಅಯ್ಯಯ್ಯೋ" ಎಂದರು. ಮ್ಯಾನೇಜರ್ ಫೋನನ್ನು ಕಿತ್ತುಕೊಂಡ.

"ಈಗ ಸ್ಕ್ರೀನ್‌ಶಾಟ್ ತೆಗೀರಿ. ಮುಖ್ಯ ಕಚೇರಿಗೆ ಕಳಿಸಿ. ನನ್ನ ಫೋನ್ ಮೇಲೆ ಗೀಟಿದೆ ಅಂತ ಬರೀರಿ."

ಅವನು ಕಳಿಸಲಿಲ್ಲ. ಆದರೆ ತೆಗೆದ. ತೆಗೆದು, ಗೀಟಕ್ಕನ ಫೋನಿಗೆ ರವಾನಿಸಿ, ಅಲ್ಲಿ ನೋಡಿದ. ಗೀಟಿಲ್ಲ. ತನ್ನ ಗಾಜಿನ ಮೇಲೆ ನೋಡಿದ. ಇದೆ. ಎರಡು ಸಲ ಹಾಗೆ ನೋಡಿ, ಕರವಸ್ತ್ರ ತೆಗೆದು ಗಾಜು ಉಜ್ಜತೊಡಗಿದ. ಮಾರ್ಕರಿನ ಬಣ್ಣ ಅಷ್ಟು ಸುಲಭಕ್ಕೆ ಬಿಡಲಿಲ್ಲ.

"ಇದರಿಂದ ಪ್ಯಾನೆಲ್ಲೇ ಅಂತ ಪೂರ್ತಿ ಸಾಬೀತಾಗಲ್ಲ" ಎಂದ ಉಜ್ಜುತ್ತಲೇ. "ಪರದೆಯ ಕೇಬಲ್ ಸಡಿಲ ಆಗಿರ್ಬೋದು. ಬೋರ್ಡೇ ಹೋಗಿರ್ಬೋದು."

ಈ ಮಾತು ಮಾತ್ರ ನ್ಯಾಯವಾಗಿತ್ತು. ಗೀಟಕ್ಕ ತಲೆಯಾಡಿಸಿದಳು. "ಹೌದು. ನೋಡೇಬಿಡೋಣ."

ಮುಖ್ಯ ಕಚೇರಿಯ ಒಪ್ಪಿಗೆ ಬರದೆ ಫೋನು ಬಿಚ್ಚಬಾರದು ಎಂಬುದು ಇನ್ನೊಂದು ಪದ್ಧತಿ. ಅವಳು ಪ್ಲಂಬರನ ಸಹಿ ಹಾಕಿಸಿಕೊಂಡು ಬಿಚ್ಚಿದಳು. ಹಿಂಬದಿಯನ್ನು ಬಿಸಿಗಾಳಿಯಲ್ಲಿ ಹದವಾಗಿ ಕಾಯಿಸಿ, ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ತೂರಿಸಿ ಅಂಟು ಬಿಡಿಸಿದಳು. ಮೊದಲು ಬ್ಯಾಟರಿಯ ಕೊಂಡಿ ಕಳಚಿದಳು, ಆಮೇಲೆ ಪರದೆಯಿಂದ ಬೋರ್ಡಿಗೆ ಬರುವ ಕೇಬಲ್ಲಿನದು. ಆ ಕೇಬಲ್ಲಿನ ತುದಿ ಒರೆಸಿ ಮತ್ತೆ ಸರಿಯಾಗಿ ಕೂರಿಸಿ, ಬ್ಯಾಟರಿಯನ್ನೂ ಜೋಡಿಸಿ ಫೋನು ಹಚ್ಚಿದಳು. ಬಿದ್ದ ಏಟಿಗೆ ಕೊಂಡಿ ಸಡಿಲವಾಗಿದ್ದರೆ ಗೀಟು ಈಗ ಹೋಗಬೇಕಿತ್ತು. ಹೋಗಲಿಲ್ಲ.

ಆಗ ಅವಳು ತನ್ನ ಮೇಜಿನ ಕೆಳಗಿನ ಡ್ರಾಯರ್ ಎಳೆದು, ಹಳೆಯ ಸಾಕ್ಸಿನೊಳಗಿಂದ ಒಂದು ಪರದೆ ಹೊರತೆಗೆದಳು. ನೀರಿಗೆ ಬಿದ್ದು ಬೋರ್ಡು ಸತ್ತ, ಇದೇ ಮಾದರಿಯ ಫೋನಿನದು. ಪರದೆಗೆ ಏನೂ ಆಗಿರಲಿಲ್ಲ. ಇಂಥವನ್ನು ಕಚೇರಿಗೆ ವಾಪಸು ಕಳಿಸಬೇಕು. ಅವಳು ಕಳಿಸಿರಲಿಲ್ಲ.

"ಇದೆಲ್ಲಿಂದ ಬಂತು?" ಎಂದ ಮ್ಯಾನೇಜರ್.

"ಸಾಕ್ಸಿನಿಂದ. ಅದನ್ನೂ ಬರಕೊಳ್ಳಿ."

ಮತ್ತೆ ಬ್ಯಾಟರಿ ಕಳಚಿ, ಆ ಪರದೆಯನ್ನು ಪಕ್ಕದಲ್ಲಿ ಮಲಗಿಸಿ ಅದರ ಕೇಬಲ್ಲನ್ನು ಪ್ಲಂಬರನ ಬೋರ್ಡಿಗೆ ಸೇರಿಸಿದಳು. ಫೋನು ಹಚ್ಚಿದಳು. ಬೋರ್ಡು ಕೆಟ್ಟಿದ್ದರೆ ಈ ಪರದೆಯಲ್ಲೂ ಗೀಟು ಬರಬೇಕು. ತಾನು ತಪ್ಪಾಗಿದ್ದರೆ ಎಂಬ ಯೋಚನೆ ಆಗ ಮೊದಲ ಬಾರಿ ಅವಳಿಗೆ ಬಂತು. ಕಂಪನಿಯ ಗುರುತು ಮೂಡಿತು. ಕಪ್ಪು ಕಪ್ಪಾಗಿಯೇ ಇತ್ತು, ಬಿಳಿ ಬಿಳಿಯಾಗಿಯೇ ಇತ್ತು. ಹಸಿರಿಲ್ಲ, ಗುಲಾಬಿಯಿಲ್ಲ.

"ನಿನ್ನ ಐದನ್ನ ಒತ್ತಪ್ಪ" ಎಂದಳು.

ಪ್ಲಂಬರ್ ಅಂಗಿಗೆ ಬೆರಳು ಒರೆಸಿಕೊಂಡು ಪಿನ್ ಒತ್ತಿದ. ಫೋನಿನ ಬೀಗ ತೆರೆಯಿತು. ಫೋಟೊಗಳು ಒಂದರ ಹಿಂದೆ ಒಂದು ಬಂದವು: ಬೂದು ಗೋಡೆ, ಬಿಳಿ ಪೈಪು, ಹಳದಿ ಟೇಪು. ಅವನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು, ಒಂದನೇ ಸ್ನಾನದ ಮನೆಯಿಂದ ಮೂವತ್ತಾರನೆಯದರವರೆಗೆ ಎಣಿಸಿದ. ಎಣಿಸಿ ಮುಗಿಸಿ ಅತ್ತ. ಗೀಟಕ್ಕ ಅವನಿಗೆ ಅಳುವುದಕ್ಕೆ ಬಿಡುವು ಕೊಡದೆ, "ಮೊದಲು ಇಷ್ಟನ್ನೂ ನಿನ್ನ ಹೆಂಡತಿ ಫೋನಿಗೆ ಕಳಿಸು, ಆಮೇಲೆ ಅಳು" ಎಂದಳು. ಕಳಿಸುವಷ್ಟು ಹೊತ್ತು ಆ ಬಿಚ್ಚಿದ ಫೋನನ್ನು ತಾನೇ ಹಿಡಿದುಕೊಂಡು ನಿಂತಳು.

ಗೀಟಿನ ಫೋಟೊವನ್ನು ಗೀಟಕ್ಕನ ಫೋನಿನಿಂದಲೇ ತೆಗೆದು, ಎರಡು ಪರದೆಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿ, ಅರ್ಜಿಯನ್ನು ಮತ್ತೆ ಹಾಕಲಾಯಿತು. ಹಾಕಿದವನು ಮ್ಯಾನೇಜರನೇ. ಮರುದಿನ ಹೊತ್ತೇರುವ ಮುಂಚೆ ಪ್ಯಾನೆಲ್ ಬದಲಿಸಲು ಒಪ್ಪಿಗೆ ಬಂತು. ಅಷ್ಟು ಹೊತ್ತಿಗೆ ಪ್ಲಂಬರ್ ಹೆಂಡತಿಯ ಫೋನು ಹಿಡಿದು ಆಸ್ಪತ್ರೆಯಲ್ಲಿ ಕೊರೆಯುವವರ ಹಿಂದೆ ಓಡಾಡುತ್ತಿದ್ದ. ಸಂಜೆ ಬಂದು, ಮೂವತ್ತಾರರಲ್ಲಿ ಒಂದು ಪೈಪೂ ಒಡೆಯಲಿಲ್ಲ ಎಂದು ಹೇಳಿ ಹೋದ.

ಇಷ್ಟಕ್ಕೇ ಎಲ್ಲ ಸುಖವಾಗಿ ಮುಗಿಯಿತು ಎಂದುಕೊಳ್ಳಬೇಡಿ. ಮುಂದಿನ ವಾರ ಮುಖ್ಯ ಕಚೇರಿಯಿಂದ ಎಚ್ಚರಿಕೆಯ ಪತ್ರ ಬಂತು. ಒಪ್ಪಿಗೆಯಿಲ್ಲದೆ ಫೋನು ಬಿಚ್ಚಿದ್ದು, ವಾಪಸು ಕಳಿಸಬೇಕಾದ ಭಾಗವನ್ನು ಇಟ್ಟುಕೊಂಡದ್ದು, ಮೇಲಧಿಕಾರಿಯ ಸ್ವಂತ ಫೋನಿನ ಮೇಲೆ ಗೀಚಿದ್ದು. ಇನ್ನೊಂದು ಬಾರಿ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು, ಓದಿ ಸಹಿ ಹಾಕಿ ಹಿಂದಿರುಗಿಸತಕ್ಕದ್ದು. ಮ್ಯಾನೇಜರ್ ಅದನ್ನು ಮೇಜಿನ ಮೇಲೆ ಇಟ್ಟು, "ನಾನು ಗೀಚಿದ್ದನ್ನ ಬರೀಲಿಲ್ಲ ಮೇಡಂ, ಯಾರೋ ಗ್ರಾಹಕರು ವೀಡಿಯೊ ಮಾಡಿ ಕಳಿಸಿಬಿಟ್ಟಿದ್ದಾರೆ" ಎಂದ. ಅವನ ಫೋನಿನ ಅಂಚಿನಲ್ಲಿ ಇನ್ನೂ ಚೂರು ಹಸಿರು ಉಳಿದಿತ್ತು.

ಪತ್ರವನ್ನು ಗೀಟಕ್ಕ ಮನೆಗೆ ತಂದಳು. ಅಕ್ಕ ಕಿಟಕಿಯ ಬಳಿ ಕೂತು ಗುಂಡಿ ಹೊಲಿಯುತ್ತಿದ್ದಳು. ತಂಗಿ ಏನಾಯಿತು ಎಂದು ಮೊದಲಿನಿಂದ ಹೇಳಿ, ಪತ್ರವನ್ನು ಓದಿಯೂ ಹೇಳಿದಳು. ಮೂವತ್ತಾರು ಸ್ನಾನದ ಮನೆ ಎಂದಾಗ ಅಕ್ಕ ಸೂಜಿ ಕೆಳಗಿಟ್ಟಳು.

"ಒರೆಸ್ಲಿಲ್ವಾ?"

"ಒರೆಸ್ಲಿಲ್ಲ."

ಅಕ್ಕ ಬೀದಿಯ ಕಡೆ ತಿರುಗಿದಳು. "ಅವತ್ತು ನನ್ನ ಫೋನಿಗೂ ಯಾರಾದ್ರೂ ಹೀಗೆ ಅಡ್ಡ ನಿಂತಿದ್ರೆ ನಮ್ಮನೆಯವರ ಧ್ವನಿ ಉಳಿದಿರ್ತಿತ್ತು."

ಒಂಬತ್ತು ವರ್ಷದಿಂದ ಕಾದಿದ್ದ ಮಾತು ಅದು. ಬಂದಾಗ ತಂಗಿಗೆ ಹಗುರವೂ ಆಯಿತು, ನೋವೂ ಆಯಿತು. "ಒತ್ತಿದ್ದು ನಾನೇ ಅಲ್ವಾ ಅಕ್ಕ."

"ಗೊತ್ತು" ಎಂದಳು ಅಕ್ಕ. ಎದ್ದು ಹೋಗಿ, ಕಪಾಟಿನಿಂದ ಪೆನ್ನು ತಂದು ಪತ್ರದ ಮೇಲಿಟ್ಟಳು. "ಸುಮ್ನೆ ಸಹಿ ಹಾಕ್ಬೇಡ. ಇನ್ನೊಂದು ಬಾರಿ ಇಂಥ ಫೋನ್ ಬಂದ್ರೆ ಇದನ್ನೇ ಮಾಡ್ತೀನಿ ಅಂತ ಬರಿ. ಅದರ ಕೆಳಗೆ ಹಾಕು."

ಗೀಟಕ್ಕ ತಲೆಯ ಮೇಲಿನ ಕನ್ನಡಕಕ್ಕಾಗಿ ಅತ್ತಿತ್ತ ತಡಕಾಡಿದಳು. ಅಕ್ಕನೇ ಅದನ್ನು ತೆಗೆದು ಅವಳ ಕೈಗೆ ಕೊಟ್ಟಳು. ತಂಗಿ ಅಕ್ಕ ಹೇಳಿದಂತೆಯೇ, ಒಂದು ಅಕ್ಷರ ಬಿಡದೆ, ದುಂಡಗೆ ಬರೆದು ಸಹಿ ಹಾಕಿದಳು.